ಪಡಸಾಲೆಯ ಟೀವಿಯಲ್ಲಿ ಕಣದ ಕ್ಯಾಮೆರಾ

ಹಾನಗಲ್ಲ ಸೀಮೆಯ ಮನೆಯೊಂದರಲ್ಲಿ ಗೋವಿನಜೋಳದ ರಾಶಿಯ ಮೇಲೆ ನಿಗಾ ಇಡಲು ನಾಲ್ಕು ಕ್ಯಾಮೆರಾ ಹಾಕಿಸಿದ್ದರು. ಡಿವಿಆರ್ ಮಾಳಿಗೆಯ ಕೋಣೆಯಲ್ಲಿ, ಟೀವಿ ಕೆಳಗೆ ಪಡಸಾಲೆಯಲ್ಲಿ. ‘ಫೋನಿನ್ಯಾಗ ಮನಷ್ಯಾರು ಇರಿವಿ ಹಂಗ ಕಾಣ್ತಾರ, ಟೀವ್ಯಾಗ ಬರೂಹಂಗ ಮಾಡ್ರಿ’ ಎಂದು ಮನೆಯ ಹಿರಿಯರು ಹಟ ಹಿಡಿದರು.

ಡಿವಿಆರ್ ಟೀವಿಯ ಹತ್ತಿರವೇ ಇದ್ದರೆ ಎಚ್‌ಡಿಎಂಐ ಕೇಬಲ್ಲಿಗಿಂತ ಒಳ್ಳೆಯದು ಬೇರೊಂದಿಲ್ಲ. ನಾಲ್ಕೂ ಚಿತ್ರ ಒಟ್ಟಿಗೆ ಬರುತ್ತವೆ, ತಡವೂ ಇಲ್ಲ. ಆದರೆ ಸಾದಾ ಕೇಬಲ್ ಹತ್ತು ಮೀಟರ್ ದಾಟಿತೆಂದರೆ ಚಿತ್ರ ಮಿನುಗತೊಡಗಬಹುದು. ಇಲ್ಲಿ ಮಾಳಿಗೆಯಿಂದ ಗೋಡೆ ಸುತ್ತಿ ಬರುವಷ್ಟರಲ್ಲಿ ಅದಕ್ಕಿಂತ ಉದ್ದವಾಗುತ್ತಿತ್ತು.

ಹಾಗಾಗಿ ಮನೆಯ ವೈಫೈ ದಾರಿ ಹಿಡಿದೆವು. ಇದಕ್ಕೆ ಇಂಟರ್ನೆಟ್ ಬೇಕೇ ಬೇಕೆಂಬುದು ತಪ್ಪು ತಿಳಿವಳಿಕೆ. ಡಿವಿಆರ್‌ನಿಂದ ರೂಟರಿಗೆ ಒಂದು ತಂತಿ, ಟೀವಿಗೆ ಅದೇ ರೂಟರಿನ ವೈಫೈ, ಇಷ್ಟಾದರೆ ಡೇಟಾ ಮುಗಿದ ದಿನವೂ ಕಣ ಕಾಣುತ್ತದೆ. ಆಂಡ್ರಾಯ್ಡ್ ಟೀವಿಗೆ ವಿಎಲ್‌ಸಿ ಹಾಕಿ, ಡಿವಿಆರ್‌ನ ವಿಳಾಸ ಕೊಟ್ಟೆವು. ಅದು ದಾಹುವಾ ಕಂಪನಿಯದಾದ್ದರಿಂದ ವಿಳಾಸ ಹೀಗಿತ್ತು:

```
rtsp://nodu:PASSWORD@192.168.1.108:554/cam/realmonitor?channel=1&subtype=1
```

ಕೊನೆಯ `subtype=1` ಎಂಬುದರಲ್ಲೇ ಇಡೀ ಕೆಲಸದ ಗುಟ್ಟಿದೆ. ಡಿವಿಆರ್ ಪ್ರತಿ ಕ್ಯಾಮೆರಾಕ್ಕೂ ಎರಡು ಧಾರೆ ಮಾಡುತ್ತದೆ: ರೆಕಾರ್ಡಿಂಗಿಗೆ ದಪ್ಪನೆಯದು, ನೋಡುವುದಕ್ಕೆ ತೆಳುವಾದದ್ದು. ಅಲ್ಲಿ 0 ಬರೆದರೆ ದಪ್ಪ ಧಾರೆ ಬಂದು, ಸೋತ ವೈಫೈಯಲ್ಲಿ ಚಿತ್ರ ತಡೆತಡೆದು ಓಡುತ್ತದೆ. ತೆಳು ಧಾರೆಯಲ್ಲಿ ಮುಖ ಅಷ್ಟು ಸ್ಪಷ್ಟವಿರದು, ಆದರೆ ರಾಶಿಯ ಹತ್ತಿರ ದನ ಬಂತೋ ಮನುಷ್ಯ ಬಂದನೋ ತಿಳಿಯಲು ಅದು ಸಾಕು. ವಿಎಲ್‌ಸಿ ಸುಮಾರು ಒಂದು ಸೆಕೆಂಡು ಹಿಂದೆ ತೋರಿಸುತ್ತದೆ. ಕಣ ಕಾಯಲು ಅದೇನೂ ಅಡ್ಡಿಯಲ್ಲ.

ಅಷ್ಟು ಮಾಡಿದರೂ ಮೊದಲು ಕಂಡದ್ದು ಬರೀ ಕಪ್ಪು ಪರದೆ. ಎಷ್ಟೋ ಹಳೆಯ ಟೀವಿಗಳು ಎಚ್.265 ಬಿಡಿಸಲಾರವು. ಡಿವಿಆರ್‌ನ ಎನ್ಕೋಡ್ ಮೆನುವಿನಲ್ಲಿ ತೆಳು ಧಾರೆಯನ್ನು ಎಚ್.264ಕ್ಕೆ ತಿರುಗಿಸಿದ ಮೇಲೆ ಚಿತ್ರ ಬಂತು. ಪಾಸ್‌ವರ್ಡ್‌ನಲ್ಲಿ @ ಗುರುತಿದ್ದರಂತೂ ವಿಳಾಸ ಅಲ್ಲೇ ತುಂಡಾಗಬಹುದು. ಅದರ ಬದಲು `%40` ಎಂದು ಬರೆಯಬೇಕು. ಬಂದ ನೆಂಟರೆಲ್ಲ ಮುಟ್ಟುವ ಟೀವಿಗೆ ಅಡ್ಮಿನ್ ಪಾಸ್‌ವರ್ಡ್ ಕೊಡಬಾರದು. ನೋಡುವ ಹಕ್ಕು ಮಾತ್ರ ಇರುವ ಬೇರೆ ಹೆಸರು ಮಾಡಿಕೊಳ್ಳಿ, ಮೇಲಿನ `nodu` ಅಂಥದ್ದೇ. ಕರೆಂಟ್ ಹೋದಾಗಲೂ ಟೀವಿಯಲ್ಲಿ ಕಣ ಕಾಣಬೇಕಾದರೆ ಕ್ಯಾಮೆರಾ, ಡಿವಿಆರ್, ರೂಟರ್, ಟೀವಿ ಎಲ್ಲಕ್ಕೂ ಯುಪಿಎಸ್ ಬೇಕು. ಒಂದಕ್ಕೆ ಮಾತ್ರ ಕೊಟ್ಟರೆ ಉಪಯೋಗವಿಲ್ಲ.

ಬ್ಯಾಟರಿಯ ವಿಡಿಯೊ ಡೋರ್‌ಬೆಲ್‌ಗೆ ಈ ದಾರಿ ಸಾಮಾನ್ಯವಾಗಿ ನಡೆಯದು. ಚಾರ್ಜು ಉಳಿಸಲು ಅದು ನಿದ್ದೆ ಹೊಡೆಯುತ್ತಿರುತ್ತದೆ, ಯಾರಾದರೂ ಒತ್ತಿದಾಗ ಎದ್ದು ಕಂಪನಿಯ ಸರ್ವರ್ ಮೂಲಕ ಫೋನಿಗೆ ಚಿತ್ರ ಕಳಿಸುತ್ತದೆ. ಶಿಗ್ಗಾಂವಿಯಲ್ಲಾಗಲಿ ಸವಣೂರಿನಲ್ಲಾಗಲಿ, ಡೋರ್‌ಬೆಲ್ ಕೊಳ್ಳುವ ಮೊದಲು ಅಂಗಡಿಯವರನ್ನು ‘ಆರ್‌ಟಿಎಸ್‌ಪಿ ಐತೇನ್ರಿ?’ ಎಂದು ಕೇಳಿ. ಇಲ್ಲ ಎಂದರೆ ಈ ದಾರಿಯಲ್ಲಿ ಟೀವಿಯ ಆಸೆ ಬಿಡಿ.