ಕ್ಷೇಮದ ಪಟ್ಟಿಯಲ್ಲಿ ಇಲ್ಲದ ಹೆಸರು

ರಾಯಚರ್ಲಿನ ಮನೆಯ ನಡುಮನೆಯಲ್ಲಿ ಒಂದು ತಂತಿ ನೇತಾಡ್ತಿತ್ತು. ಬಂದ ಕಾಗದಗಳನ್ನೆಲ್ಲ ಓದಿ ಅದಕ್ಕೆ ಚುಚ್ಚೋರು. ಅಪ್ಪ ಬೆಂಗಳೂರಿನ ರೂಮಿನಲ್ಲೂ ಅಂಥದ್ದೇ ಒಂದು ತಂತಿ ಇಟ್ಟುಕೊಂಡಿದ್ರು. ಮನೆ ಬದಲಾಯಿಸುವಾಗ ಅದು ನನ್ನ ಕೈಗೆ ಬಂತು. ಹೆಚ್ಚೂಕಡಿಮೆ ಎಲ್ಲವೂ ಪೋಸ್ಟ್ ಕಾರ್ಡುಗಳು, ಮಧ್ಯದಲ್ಲಿ ಒಂದೊಂದು ತೂತು. ಅದರಲ್ಲಿ ದೊಡ್ಡಪ್ಪ ಬರೆದದ್ದೊಂದು ಹೀಗಿದೆ.

ಎಡಕ್ಕೆ ‘ಕ್ಷೇಮ’, ನಡುವೆ ‘ಶ್ರೀ’, ಬಲಕ್ಕೆ ಊರು, ತಾರೀಖು. ಆಮೇಲೆ: “ಚಿ|| ತಮ್ಮನಿಗೆ ನಿನ್ನ ಅಣ್ಣ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ. ಇಲ್ಲಿ ನಾನು, ನಿಮ್ಮತ್ತಿಗೆ, ಮಕ್ಕಳು ಹಾಗೂ ದನಕರುಗಳು ಕ್ಷೇಮ. ಅಲ್ಲಿ ನಿನ್ನ ಕ್ಷೇಮಕ್ಕೆ ಬರೆಯುವುದು. ಕಡ್ಲೆಕಾಯಿ ಕಿತ್ತಾಯಿತು. ರಜ ಸಿಕ್ಕರೆ ಬಂದು ಹೋಗು.”

ಈ ಕಾರ್ಡು ಓದಿದ ಅಪ್ಪ ರಜ ಸಿಗುತ್ತೋ ಇಲ್ಲವೋ ನೋಡದೆ ಅವತ್ತು ರಾತ್ರಿಯೇ ಬಸ್ಸು ಹತ್ತಿದರಂತೆ. ಯಾಕೆ ಅನ್ನೋದನ್ನ ಆಮೇಲೆ ಹೇಳ್ತೀನಿ. ಮೊದಲು ಆ ಆರಂಭದ ಸಾಲುಗಳ ವಿಷಯ.

ನಮ್ಮ ತಲೆಮಾರಿಗೆ ‘ಉಭಯ ಕುಶಲೋಪರಿ’ ಅಂದರೆ ನಗು. ಅರ್ಥವಿಲ್ಲದ ಬಾಲಂಗೋಚಿ, ಹಳೇ ಕಾಲದವರ ಬಾಯಿಪಾಠ ಅಂತ ಲೆಕ್ಕ. ಆದರೆ ಪದ ಬಿಡಿಸಿ ನೋಡಿ. ಉಭಯ ಅಂದರೆ ಎರಡೂ ಕಡೆ. ಕುಶಲ ಗೊತ್ತೇ ಇದೆ. ಉಪರಿ ಅಂದರೆ ಆದ ಮೇಲೆ. ಸಾಂಪ್ರತ ಅಂದರೆ ಈಗ. ಅಂದರೆ ಇದು ‘ಹೇಗಿದ್ದೀರಿ’ ಎಂಬ ಪ್ರಶ್ನೆಯೇ ಅಲ್ಲ. ಎರಡೂ ಕಡೆಯವರು ಚೆನ್ನಾಗಿದ್ದೇವೆ ಅಂತ ಆದ ಮೇಲೆ ಈಗ ವಿಷಯಕ್ಕೆ ಬರೋಣ ಅನ್ನುವ ಒಂದು ಮೆಟ್ಟಿಲು. ಆಚೆ ಕಡೆಯವರ ಕುಶಲ ಗೊತ್ತಿಲ್ಲದೆಯೇ ‘ಉಭಯ’ ಅಂತ ಬರೆಯೋದು ತರ್ಕಕ್ಕೆ ಸರಿಯಲ್ಲ, ನಿಜ. ಅದಕ್ಕೇ ಮುಂದಿನ ಸಾಲಿನಲ್ಲಿ ‘ನಿನ್ನ ಕ್ಷೇಮಕ್ಕೆ ಬರೆಯುವುದು’ ಅಂತ ಬರುತ್ತೆ. ಮೊದಲು ನಂಬೋದು, ಆಮೇಲೆ ಖಾತ್ರಿ ಮಾಡಿಕೊಳ್ಳೋದು.

ನಮ್ಮ ಕಡೆ ಇದಕ್ಕೆ ಇನ್ನೊಂದು ಉಪಯೋಗವಿತ್ತು. ಪಾವಗಡ ಸೀಮೆಯ ಎಷ್ಟೋ ಮನೆಗಳ ಹಾಗೆ ನಮ್ಮ ಮನೆಯ ಮಾತೂ ತೆಲುಗು, ಇಸ್ಕೂಲು ಕನ್ನಡ. ಜಗಳ, ಲಾಲಿ ಎಲ್ಲ ತೆಲುಗಿನಲ್ಲಿ. ಕಾಗದ ಮಾತ್ರ ಕನ್ನಡದಲ್ಲಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ದೊಡ್ಡಪ್ಪನಿಗೆ ಖಾಲಿ ಕಾರ್ಡಿನಲ್ಲಿ ಮೊದಲ ವಾಕ್ಯ ಹುಡುಕೋ ಕಷ್ಟವನ್ನ ಈ ಸಾಲು ತಪ್ಪಿಸಿತು. ಗಡಿಯಾಚೆ ಮಡಕಶಿರಾ ಕಡೆಯ ನೆಂಟರ ತೆಲುಗು ಕಾಗದಗಳೂ ‘ಉಭಯಕುಶಲೋಪರಿ’ ಅಂತಲೇ ಶುರುವಾಗ್ತಿದ್ದವು. ಲಿಪಿ ಬೇರೆ, ಬಾಗಿಲು ಒಂದೇ.

ಕಾರ್ಡಿನ ಅಳತೆ ಹೆಚ್ಚೂಕಡಿಮೆ 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ. ವಿಳಾಸದ ಬದಿಯಲ್ಲಿ ಅರ್ಧ ಹೋಯ್ತು. ಅಷ್ಟು ಇಕ್ಕಟ್ಟಿನಲ್ಲಿ ಎರಡು ಮೂರು ಸಾಲು ಕುಶಲಕ್ಕೇ ಕೊಡೋದು ದುಂದು ಅಂತ ಯಾರಿಗೂ ಅನ್ನಿಸಲಿಲ್ಲ. ಜಾಗ ಸಾಲದಿದ್ದರೆ ‘ಉ||ಕು||ಸಾಂ||’ ಅಂತ ಚುಟುಕು ಮಾಡಿದರೇ ಹೊರತು ಬಿಡಲಿಲ್ಲ. ಯಾಕೆ ಅಂದರೆ ಕಾಗದ ಒಬ್ಬರೇ ಓದಿಕೊಳ್ಳುವ ವಸ್ತು ಆಗಿರಲಿಲ್ಲ. ಅಂಚೆಯವನೋ ಪಕ್ಕದ ಮನೆಯ ಹುಡುಗನೋ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಬೇಕು. ಕೇಳೋರಿಗೆ ಕಾಗದ ಬಂತು ಅಂದ ತಕ್ಷಣ ಎದೆ ಡವಡವ. ಮೂಲೆಯ ‘ಕ್ಷೇಮ’ ಅನ್ನುವ ಎರಡು ಅಕ್ಷರ ಮೊದಲು ಆ ಭಯವನ್ನ ಇಳಿಸುತ್ತಿತ್ತು. ಸಾವಿನ ಕಾರ್ಡಿನಲ್ಲಿ ಕ್ಷೇಮವೂ ಇಲ್ಲ, ಶ್ರೀಯೂ ಇಲ್ಲ. ಅದನ್ನ ಹೊಸ್ತಿಲ ಹೊರಗೇ ಓದಿ ಹರಿದು ಹಾಕೋರು, ತಂತಿಗೆ ಚುಚ್ಚುತ್ತಿರಲಿಲ್ಲ. ಮದುವೆಯ ಕಾಗದಕ್ಕೆ ಮೂಲೆಯಲ್ಲಿ ಅರಿಶಿನ. ಓದಲು ಬಾರದ ಅವ್ವನಿಗೂ ಕಾಗದ ಎಂಥದ್ದು ಅಂತ ಕಣ್ಣಲ್ಲೇ ತಿಳೀತಿತ್ತು.

ಈಗ ಆ ಕಾರ್ಡಿಗೆ ಬರ್ತೀನಿ. “ದನಕರುಗಳು ಕ್ಷೇಮ ಅಂತ ಬರೆದೋನು ಅಮ್ಮನ್ನ ಯಾಕೆ ಬಿಟ್ಟ?” ಅಪ್ಪ ನನಗೆ ಹೇಳಿದ್ದು ಇಷ್ಟೇ. ಕ್ಷೇಮದ ಸಾಲು ಒಂದು ಹಾಜರಿ ಪುಸ್ತಕ. ಮನೆಯ ಪ್ರತಿಯೊಬ್ಬರ ಹೆಸರೂ ಬರಬೇಕು, ಹಿರಿಯರದು ಮೊದಲು. ಹಿಂದಿನ ಕಾರ್ಡುಗಳಲ್ಲೆಲ್ಲ ‘ಅಮ್ಮ’ ಮೊದಲನೇ ಹೆಸರು. ಇದರಲ್ಲಿ ಇಲ್ಲ. ಮೂಲೆಯಲ್ಲಿ ‘ಕ್ಷೇಮ’ ಇದೆ, ಅಂದರೆ ಸಾವಲ್ಲ. ಹಾಗಾದರೆ ಕಾಯಿಲೆ. ‘ಬಂದು ಹೋಗು’ ಅನ್ನೋದಕ್ಕೆ ಆಗ ಬೇರೆಯೇ ತೂಕ ಬಂತು. ದಾಬಸ್‌ಪೇಟೆ, ಕೊರಟಗೆರೆ, ಮಧುಗಿರಿ ದಾಟಿ ಪಾವಗಡ ಮುಟ್ಟುವಷ್ಟರಲ್ಲಿ ಬೆಳಗಾಗಿತ್ತಂತೆ. ಅವ್ವನಿಗೆ ಎಂಟು ದಿನದಿಂದ ಜ್ವರ.

ನೇರವಾಗಿ ಬರೆಯಬಾರದಿತ್ತಾ ಅಂತ ನಾನೂ ಕೇಳಿದೆ. ಕಾರ್ಡು ತೆರೆದ ಕಾಗದ, ದಾರಿಯುದ್ದಕ್ಕೂ ಕಂಡೋರೆಲ್ಲ ಓದಬಹುದು. ರೂಮಿನಲ್ಲಿ ಒಬ್ಬನೇ ಇರುವ ತಮ್ಮ ಗಾಬರಿಯಾಗಬಾರದು. ಟೆಲಿಗ್ರಾಂ ಕೊಟ್ಟರೆ ಅದನ್ನ ಬಿಚ್ಚುವ ಮೊದಲೇ ಮನೆಮಂದಿ ಅಳೋಕೆ ಶುರು ಮಾಡ್ತಿದ್ದ ಕಾಲ ಅದು. ಸುಳ್ಳು ಬರೆಯೋಕೂ ಮನಸ್ಸಿಲ್ಲ. ಹಾಗಾಗಿ ದೊಡ್ಡಪ್ಪ ಒಂದು ಹೆಸರನ್ನ ಬಿಟ್ಟರು. ಸಾಲು ಪ್ರತಿಸಲ ಒಂದೇ ಥರ ಇದ್ದದ್ದರಿಂದಲೇ ಆ ಖಾಲಿ ಜಾಗ ಕಾಣಿಸಿತು. ದಿನಕ್ಕೊಂದು ಹೊಸ ರೀತಿ ಬರೆಯೋರಾಗಿದ್ದರೆ ಅಪ್ಪನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಇದರ ಅಪಾಯವೂ ಅಲ್ಲೇ ಇದೆ ಅನ್ನಿ. ಅಪ್ಪ ಅವತ್ತು ಅವಸರದಲ್ಲಿ ಓದಿದ್ದರೆ?

ಹಳೇದೆಲ್ಲ ಚಿನ್ನ ಅಂತ ಹೇಳ್ತಿಲ್ಲ. ಅದೇ ತಂತಿಯಲ್ಲಿ ಹೆಂಗಸರ ಹೆಸರಿನ ಹಿಂದೆ ‘ಸೌ||’ ಇದೆ, ಗಂಡ ಸತ್ತವರಿಗೆ ‘ಗಂ||ಭಾ||’ ಇದೆ. ಗಂಗಾ ಭಾಗೀರಥಿ ಸಮಾನರಾದ ಅಂತ ಗೌರವದ ಹೊದಿಕೆ, ಒಳಗಿರೋದು ವಿಧವೆ ಅನ್ನೋ ಮುದ್ರೆ. ತೆರೆದ ಕಾರ್ಡಿನ ಮೇಲೆ ಅದನ್ನ ಬರೆದು ಊರಿಗೆಲ್ಲ ಸಾರೋದು ಯಾವ ಮರ್ಯಾದೆ? ಅದು ಹೋಗಿದ್ದು ಒಳ್ಳೇದೇ ಆಯ್ತು. ‘ಪಾದಾರವಿಂದಗಳಿಗೆ’ ಅನ್ನೋದೂ ಹೋಗಲಿ, ನನಗೆ ಬೇಜಾರಿಲ್ಲ.

ಆದರೆ ನಾವು ಅದರ ಬದಲಿಗೆ ಏನು ತಂದುಕೊಂಡೆವು? ಆಫೀಸ್ ಚಾಟ್‌ನಲ್ಲಿ ಬರೀ ‘ಹಾಯ್’ ಅಂತ ಹಾಕಿ ಸುಮ್ಮನಾಗ್ತೀವಿ. ಆಚೆಯವನು ಹತ್ತು ನಿಮಿಷ ಏನಪ್ಪಾ ಅಂತ ಕಾಯಬೇಕು. ಮನೆಗೆ ‘ಫ್ರೀ ಆದಾಗ ಫೋನ್ ಮಾಡು’ ಅಂತ ಕಳಿಸ್ತೀವಿ, ಅದು ಟೆಲಿಗ್ರಾಂಗಿಂತ ಕಡೆ. ಮೇಲ್‌ಗಳ ಮೊದಲ ಸಾಲಿನಲ್ಲಿ ಕುಶಲ ಕೇಳ್ತೀವಿ, ನಿಜ. ಉತ್ತರ ಬರಲಿ ಅಂತ ಯಾರೂ ಕಾಯೋದಿಲ್ಲ. ನಮ್ಮ ಕುಶಲವನ್ನಂತೂ ಹೇಳೋದೇ ಇಲ್ಲ. ದೊಡ್ಡಪ್ಪನ ಕ್ರಮ ನೋಡಿ: ಮೊದಲು ತನ್ನ ಕಡೆಯದು ಹೇಳಿದ್ರು, ಆಮೇಲೆ ಕೇಳಿದ್ರು, ವಿಷಯವನ್ನೂ ಅದೇ ಕಾರ್ಡಿನಲ್ಲಿ ಮುಗಿಸಿದ್ರು. ಉತ್ತರ ಬರೋಕೆ ವಾರ ಹಿಡಿಯುತ್ತೆ ಅಂತ ಗೊತ್ತಿದ್ದೋರಿಗೆ ಎದುರಿನವರನ್ನ ಕಾಯಿಸಬಾರದು ಅನ್ನೋದೂ ಗೊತ್ತಿತ್ತು.

ಆ ಕಾರ್ಡಿನ ಮೇಲೆ, ಅದೇ ತಂತಿಯಲ್ಲಿ, ಮೂರು ವಾರದ ನಂತರದ್ದು ಇನ್ನೊಂದಿದೆ. ಅದೇ ಕ್ಷೇಮ, ಅದೇ ಶ್ರೀ, ಅದೇ ಉಭಯ ಕುಶಲೋಪರಿ. ಆಮೇಲೆ: “ಇಲ್ಲಿ ಅಮ್ಮ ಕ್ಷೇಮ, ಎರಡು ಹೊತ್ತೂ ಮುದ್ದೆ ಉಣ್ಣುತ್ತಾಳೆ. ನಾನು, ನಿಮ್ಮತ್ತಿಗೆ, ಮಕ್ಕಳು ಹಾಗೂ ದನಕರುಗಳು ಕ್ಷೇಮ.”