ಕಂದುಬಣ್ಣದ ಅನಿಲವೂ ಒತ್ತಡಮಾಪಕದ ಸಾಕ್ಷ್ಯವೂ

ರಾಸಾಯನಿಕ ಸಮತೋಲನದ ಲೆಕ್ಕಗಳನ್ನು ಬಿಡಿಸುವುದರಲ್ಲಿ ರುಚಿಯುಳ್ಳವರು, ಅಮೋನಿಯ, ಹೈಡ್ರೋಜನ್ ಅಯೊಡೈಡ್ ಮೊದಲಾದ ಪರಿಚಿತ ಉದಾಹರಣೆಗಳನ್ನೆಲ್ಲ ಹಾದುಬಂದ ಮೇಲೂ, ಮರಳಿ ಬಂದು ನಿಲ್ಲುವುದು ಡೈನೈಟ್ರೋಜನ್ ಟೆಟ್ರಾಕ್ಸೈಡಿನ ಮುಂದೆಯೇ. ಅದಕ್ಕೆ ಕಾರಣವಿದೆ. ಹೈಡ್ರೋಜನ್ ಅಯೊಡೈಡು ಒಡೆದರೂ ಕೂಡಿದರೂ ಅಣುಗಳ ಒಟ್ಟು ಸಂಖ್ಯೆ ಬದಲಾಗದಿರುವುದರಿಂದ ಒತ್ತಡಮಾಪಕವು ಅಲ್ಲಿ ಮೂಕವಾಗಿರುತ್ತದೆ. ಅಮೋನಿಯವೋ, ವೇಗವರ್ಧಕವೂ ಅತಿಶಯವಾದ ಉಷ್ಣತೆಯೂ ಇಲ್ಲದೆ ಸಮತೋಲನದತ್ತ ಹೆಜ್ಜೆಯನ್ನೇ ಇಡದು. ಈ ಟೆಟ್ರಾಕ್ಸೈಡಾದರೋ ಕೋಣೆಯ ಉಷ್ಣತೆಯಲ್ಲಿಯೇ, ಯಾವ ಸಹಾಯವನ್ನೂ ಬೇಡದೆ, ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಸಮತೋಲನವನ್ನು ಮುಟ್ಟುತ್ತದೆ. ಮುಟ್ಟಿದೆನೆಂಬುದನ್ನು ಬಣ್ಣದಿಂದ ಕಣ್ಣಿಗೂ ಒತ್ತಡದಿಂದ ಮಾಪಕಕ್ಕೂ ತಿಳಿಸುತ್ತದೆ.

ವರ್ಣರಹಿತವಾದ ಒಂದು ಅಣು ಎರಡಾಗಿ ಸೀಳಿ, ಕಂದುಗೆಂಪು ಬಣ್ಣದ ಎರಡು ನೈಟ್ರೋಜನ್ ಡೈಆಕ್ಸೈಡ್ ಅಣುಗಳಾಗುವುದೇ ಈ ಕ್ರಿಯೆ:

N₂O₄ ⇌ 2NO₂

ಮೊದಲಿದ್ದ ಅಣುಗಳಲ್ಲಿ ಎಷ್ಟು ಪಾಲು ಹೀಗೆ ಸೀಳಿದವೋ ಆ ಪಾಲಿಗೆ ವಿಯೋಜನಾಂಶವೆಂದು ಹೆಸರು, ಗುರುತು α. ಒಂದು ಮೋಲನ್ನು ಇಟ್ಟು ಆರಂಭಿಸಿದೆವೆಂದರೆ ಸಮತೋಲನದಲ್ಲಿ ಒಡೆಯದೆ ಉಳಿದದ್ದು 1 − α, ಹುಟ್ಟಿದ್ದು 2α, ಒಟ್ಟು 1 + α. ಈ ಕೊನೆಯ ಪದವೇ ಲೆಕ್ಕದ ಬೀಗದ ಕೈ. ಪಾತ್ರೆಯ ಗಾತ್ರವನ್ನೂ ಉಷ್ಣತೆಯನ್ನೂ ಕದಲಿಸದೆ ಇಟ್ಟರೆ ಒತ್ತಡವು ಅಣುಗಳ ಸಂಖ್ಯೆಗೆ ಅನುಗುಣವಾಗಿರುವುದರಿಂದ, ಏನೂ ಒಡೆಯದಿದ್ದರೆ ಇರಬೇಕಾಗಿದ್ದ ಒತ್ತಡ P₀ ಎಂದಾದರೆ, ನಿಜವಾದ ಒಟ್ಟು ಒತ್ತಡ P₀(1 + α) ಆಗಲೇಬೇಕು. ಆದುದರಿಂದ ವಿಯೋಜನಾಂಶವನ್ನೂ ಒಟ್ಟು ಒತ್ತಡವನ್ನೂ ಕಂಡುಹಿಡಿಯಿರೆಂದು ಕೇಳುವ ಪ್ರಶ್ನೆಯಲ್ಲಿ ಕಾಣುವುದು ಎರಡು ಅಜ್ಞಾತಗಳಾದರೂ ಇರುವುದು ಒಂದೇ.

ಒಂದು ಲೀಟರಿನ ಗಟ್ಟಿಗೋಡೆಯ ಗಾಜಿನ ಬುಡ್ಡಿಯಲ್ಲಿ 1.84 ಗ್ರಾಂ ಟೆಟ್ರಾಕ್ಸೈಡನ್ನಿಟ್ಟು, ಗಾಳಿಯನ್ನೆಲ್ಲ ತೆಗೆದು, ಬಾಯಿ ಮುಚ್ಚಿ, 25 ಡಿಗ್ರಿ ಸೆಲ್ಸಿಯಸ್ಸಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿದ್ದೇವೆಂದು ಭಾವಿಸೋಣ. ಮೋಲೊಂದಕ್ಕೆ 92 ಗ್ರಾಂ ತೂಕವುಳ್ಳ ಪದಾರ್ಥವಾದುದರಿಂದ ಇದು 0.02 ಮೋಲ್, ಆದರ್ಶ ಅನಿಲದ ಸಮೀಕರಣಕ್ಕೆ ಹಾಕಿದರೆ P₀ ಸುಮಾರು 0.496 ಬಾರ್. ಈ ಉಷ್ಣತೆಯಲ್ಲಿ ಸಮತೋಲನ ಸ್ಥಿರಾಂಕ 0.148. ಡೈಆಕ್ಸೈಡಿನ ಆಂಶಿಕ ಒತ್ತಡದ ವರ್ಗವನ್ನು ಟೆಟ್ರಾಕ್ಸೈಡಿನ ಆಂಶಿಕ ಒತ್ತಡದಿಂದ ಭಾಗಿಸಿ ಬಂದುದೇ ಆ ಸ್ಥಿರಾಂಕವಾಗಿರುವುದರಿಂದ,

Kp = (2αP₀)² / P₀(1 − α) = 4α²P₀ / (1 − α)

ಎಂದಾಗಿ, ಸಂಖ್ಯೆಗಳನ್ನು ಹಾಕಿದಾಗ

1.983α² + 0.148α − 0.148 = 0

ಎಂಬ ವರ್ಗಸಮೀಕರಣ ಕೈಗೆ ಸಿಗುತ್ತದೆ. ಅದರ ಧನಮೂಲ 0.238. ನೂರರಲ್ಲಿ ಇಪ್ಪತ್ತನಾಲ್ಕರಷ್ಟು ಅಣುಗಳು ಒಡೆದಿವೆ; ಒಟ್ಟು ಒತ್ತಡ 0.496ರ 1.238 ಪಾಲು, ಅಂದರೆ 0.614 ಬಾರ್. ಉತ್ತರವನ್ನು ಪರೀಕ್ಷಿಸದೆ ಬಿಡುವುದು ಈ ವಿದ್ಯೆಯಲ್ಲಿ ತರವಲ್ಲ: ಡೈಆಕ್ಸೈಡಿನ ಪಾಲು 0.236 ಬಾರ್, ಟೆಟ್ರಾಕ್ಸೈಡಿನದು 0.378, ಮೊದಲನೆಯದರ ವರ್ಗವನ್ನು ಎರಡನೆಯದರಿಂದ ಭಾಗಿಸಿದರೆ ಮತ್ತೆ 0.148 ಬರುತ್ತದೆ, ಎರಡನ್ನೂ ಕೂಡಿದರೆ ಮತ್ತೆ 0.614.

ವರ್ಗಸಮೀಕರಣದ ಶ್ರಮವನ್ನು ತಪ್ಪಿಸಿಕೊಳ್ಳಲೆಂದು 1 − α ಎಂಬುದನ್ನು ಒಂದೆಂದೇ ಎಣಿಸುವ ಅಭ್ಯಾಸ ನಮ್ಮ ತರಗತಿಗಳಲ್ಲಿ ಬೇರೂರಿದೆ. ದುರ್ಬಲ ಆಮ್ಲಗಳಲ್ಲಿ ಅದು ನಡೆಯುತ್ತದೆ, ಇಲ್ಲಿ ನಡೆಯದು. ಹಾಗೆ ಎಣಿಸಿದರೆ ವಿಯೋಜನಾಂಶ 0.273 ಎಂದಾಗಿ, ಏಳರಲ್ಲಿ ಒಂದು ಪಾಲಿನಷ್ಟು ಉಬ್ಬುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪ್ರಮಾದವಿದೆ. ಒಟ್ಟು ಒತ್ತಡ P ಗೊತ್ತಿರುವಾಗ ಬಳಸಬೇಕಾದ ಸೂತ್ರ

α = √[Kp / (Kp + 4P)]

ಎಂದಿದ್ದು, ನೋಡಲು ಅಚ್ಚುಕಟ್ಟಾಗಿರುವ ಕಾರಣಕ್ಕೇ ಅದು ಬೇಗ ಬಾಯಿಗೆ ಬರುತ್ತದೆ. ಬಾಯಿಗೆ ಬಂದುದನ್ನು ವಿದ್ಯಾರ್ಥಿಯು ಗಟ್ಟಿಗೋಡೆಯ ಪಾತ್ರೆಯ ಲೆಕ್ಕಕ್ಕೂ ತಂದು, P ಇರಬೇಕಾದ ಸ್ಥಳದಲ್ಲಿ P₀ ಇಟ್ಟು, 0.264 ಎಂಬ ಉತ್ತರವನ್ನು ಪಡೆಯುತ್ತಾನೆ. ಸೂತ್ರದಲ್ಲಿ ದೋಷವಿಲ್ಲ, 0.614ನ್ನೇ ಅದರಲ್ಲಿಟ್ಟರೆ 0.238 ಸರಿಯಾಗಿ ಹೊರಬರುತ್ತದೆ. ಚಲಿಸುವ ಕೊಂತವುಳ್ಳ ಪಾತ್ರೆಯಲ್ಲಿ ಒತ್ತಡ ನಿಂತಿದೆಯೋ, ಬಿಗಿದ ಬುಡ್ಡಿಯಲ್ಲಿ ಗಾತ್ರ ನಿಂತಿದೆಯೋ ಎಂಬುದನ್ನು ಲೇಖನಿಯನ್ನು ಎತ್ತುವ ಮೊದಲೇ ಕೇಳಿಕೊಳ್ಳಬೇಕು.

ಕೇಳಿಕೊಳ್ಳಬೇಕಾದ ಮತ್ತೊಂದು ಪ್ರಶ್ನೆಯನ್ನು ಪಠ್ಯಪುಸ್ತಕಗಳೇ ಮರೆಯುವುದುಂಟು: ಬುಡ್ಡಿಯಲ್ಲಿರುವುದು ನಿಜವಾಗಿಯೂ ಅನಿಲವೇ? 1.84 ಗ್ರಾಮಿನ ಬದಲು 9.2 ಗ್ರಾಂ, ಅಂದರೆ 0.1 ಮೋಲನ್ನು, ಅದೇ ಒಂದು ಲೀಟರಿನಲ್ಲಿ ಅದೇ 25 ಡಿಗ್ರಿಯಲ್ಲಿ ಇಟ್ಟಂತೆ ಲೆಕ್ಕ ಕೊಟ್ಟರೆ, ಬೀಜಗಣಿತವು ತಡೆಯಿಲ್ಲದೆ ನಡೆದು, ವಿಯೋಜನಾಂಶ 0.115, ಒಟ್ಟು ಒತ್ತಡ 2.76 ಬಾರ್ ಎಂದು ಹೇಳಿ ಮುಗಿಸುತ್ತದೆ. ಆದರೆ ಈ ದ್ರವವು ಕುದಿಯುವುದು 21 ಡಿಗ್ರಿಯಲ್ಲಿ. 25 ಡಿಗ್ರಿಯಲ್ಲಿ ಅದರ ಆವಿಯ ಒತ್ತಡ 1.2 ಬಾರಿನ ಆಸುಪಾಸಿನಲ್ಲಿದೆ. ಅದಕ್ಕೆ ಮೀರಿದ ಆವಿಯೆಲ್ಲ ಹಳದಿಗೂಡಿದ ದ್ರವವಾಗಿ ತಳದಲ್ಲಿ ನಿಲ್ಲುತ್ತದೆಯೇ ಹೊರತು 2.76 ಬಾರಿನವರೆಗೆ ಏರುವುದಿಲ್ಲ. ಪ್ರಯೋಗದಲ್ಲಿ ಇದನ್ನು ಗುರುತಿಸುವುದು ಸುಲಭ: ಇನ್ನಷ್ಟು ಪದಾರ್ಥವನ್ನು ಸೇರಿಸಿದರೂ ಮಾಪಕದ ಮುಳ್ಳು ಅಲುಗದಿದ್ದರೆ ಅಲ್ಲಿ ದ್ರವವಿದೆ. ಕಾಗದದ ಮೇಲೆ ಗುರುತಿಸುವ ಉಪಾಯವೂ ಒಂದೇ. ಬಂದ ಒಟ್ಟು ಒತ್ತಡವನ್ನು ಆ ಉಷ್ಣತೆಯ ಆವಿಯ ಒತ್ತಡದೊಡನೆ ಹೋಲಿಸುವುದು.

ಇನ್ನು ಬಣ್ಣದ ವಿಚಾರ. ಅನಿಲವನ್ನು ಸಿರಿಂಜಿನಲ್ಲಿ ತುಂಬಿ ಕೊಂತವನ್ನು ಥಟ್ಟನೆ ಒತ್ತಿದರೆ ಮೊದಲು ಬಣ್ಣ ಗಾಢವಾಗಿ, ಮರುಕ್ಷಣ ತಿಳಿಯಾಗುತ್ತದೆಂಬುದು ಲೆ ಶಾಟೆಲಿಯೆಯ ತತ್ತ್ವಕ್ಕೆ ಕೊಡುವ ಪ್ರಸಿದ್ಧ ನಿದರ್ಶನ. ಇದನ್ನು ಓದಿದ ಹಲವರು, ಕೊನೆಯಲ್ಲಿ ಬಣ್ಣವು ಮೊದಲಿಗಿಂತಲೂ ತೆಳುವಾಗುತ್ತದೆಂದು ನಂಬುತ್ತಾರೆ. ನಮ್ಮ ಬುಡ್ಡಿಯ ಅನಿಲವನ್ನೇ ಅರ್ಧ ಲೀಟರಿಗೆ ಒತ್ತಿ ನೋಡೋಣ. ಒತ್ತಿದ ಕ್ಷಣದಲ್ಲಿ, ಇನ್ನೂ ಯಾವ ಅಣುವೂ ಮರಳಿ ಕೂಡದಿರುವಾಗ, ಡೈಆಕ್ಸೈಡಿನ ಆಂಶಿಕ ಒತ್ತಡ 0.236ರಿಂದ ಇಮ್ಮಡಿಸಿ 0.473 ಆಗುತ್ತದೆ. ಬಳಿಕ ಹೊಸ ಸಮತೋಲನದಲ್ಲಿ ವಿಯೋಜನಾಂಶ 0.238ರಿಂದ 0.175ಕ್ಕೆ ಇಳಿದು, ಆ ಒತ್ತಡ 0.348ರಲ್ಲಿ ನಿಲ್ಲುತ್ತದೆ, ಒಟ್ಟು ಒತ್ತಡ 1.17 ಬಾರ್. ವಿಯೋಜನಾಂಶ ಇಳಿದುದು ನಿಜ, ಡೈಆಕ್ಸೈಡಿನ ಅಣುಗಳ ಸಂಖ್ಯೆ ಇಳಿದುದೂ ನಿಜ. ಆದರೂ ಅವು ಇಕ್ಕಟ್ಟಾದ ಜಾಗದಲ್ಲಿ ಮೊದಲಿಗಿಂತ ದಟ್ಟವಾಗಿಯೇ ಇವೆ. ಸಿರಿಂಜನ್ನು ಪಕ್ಕದಿಂದ ನೋಡುವವನಿಗೆ ಅನಿಲವು ಆರಂಭಕ್ಕಿಂತ ಕಪ್ಪಾಗಿಯೇ ಕಾಣುತ್ತದೆ. ಉದ್ದಕ್ಕೆ, ಕೊಳವೆಯ ತುದಿಯಿಂದ ನೋಡಿದವನಿಗೆ ಮಾತ್ರ ತೆಳುವಾದುದು ಕಂಡೀತು, ಏಕೆಂದರೆ ಅವನ ದೃಷ್ಟಿ ಹಾಯುವ ದಾರಿಯಲ್ಲಿ ಅಣುಗಳೇ ಕಡಿಮೆಯಾಗಿವೆ. ಒಂದೇ ಸಿರಿಂಜು ಇಬ್ಬರಿಗೆ ವಿರುದ್ಧವಾದ ಉತ್ತರಗಳನ್ನು ಕೊಡುವ ಈ ಸಂಗತಿಯನ್ನು ಉಪಾಧ್ಯಾಯರು ತರಗತಿಯಲ್ಲಿ ಬಿಡಿಸಿ ಹೇಳಬೇಕೆಂದು ನನ್ನ ಆಶೆ.

ಈ ಒತ್ತಡಗಳನ್ನು ನಿಜವಾಗಿ ಅಳೆಯುವುದು ಲೆಕ್ಕದಷ್ಟು ಸುಗಮವಲ್ಲ. ಪಾದರಸದ ಮಾಪಕವನ್ನು ಜೋಡಿಸುವಂತಿಲ್ಲ, ಈ ಅನಿಲ ಪಾದರಸವನ್ನೇ ತಿನ್ನುತ್ತದೆ. ತೆಳುವಾದ ಗಾಜಿನ ಪೊರೆ ಬಾಗುವುದನ್ನು ನೋಡಿ ಅಳೆಯಬೇಕು. ತೇವದ ಸೋಂಕು ತಗುಲಿದರೆ ನೈಟ್ರಿಕ್ ಆಮ್ಲವುಂಟಾಗಿ ಎಣಿಕೆ ಕೆಡುತ್ತದೆ. ಪೋಲೆಂಡಿನ ಎಡ್ವರ್ಡ್ ಮತ್ತು ಲಾಡಿಸ್ಲಾಸ್ ನತಾನ್ಸನ್ ಸಹೋದರರು 1885 ಮತ್ತು 1886ರಲ್ಲಿ ಪ್ರಕಟಿಸಿದ ಬರಹಗಳಲ್ಲಿ ಆವಿಯ ಸಾಂದ್ರತೆಯನ್ನು ಹಿಡಿದು ಈ ವಿಯೋಜನೆಯನ್ನು ಪರೀಕ್ಷಿಸಿದರು. ಒಡೆದಷ್ಟೂ ಅನಿಲದ ಸರಾಸರಿ ಅಣುತೂಕ 92 / (1 + α) ಎಂಬಂತೆ ತಗ್ಗುವುದರಿಂದ ಅದೂ ಒಂದು ಸಾಕ್ಷ್ಯವೇ. ನಮ್ಮ ಮೊದಲ ಬುಡ್ಡಿಯಲ್ಲಿ ಅದು 74. ಮುಂದೆ 1931ರಲ್ಲಿ ಅಮೆರಿಕದ ವರ್‌ಹೂಕ್ ಮತ್ತು ಡೇನಿಯಲ್ಸರು ಅಳೆದಾಗ, ಸ್ಥಿರಾಂಕವೆಂದು ಹೆಸರಾದುದು ಅನಿಲವು ದಟ್ಟವಾದಂತೆ ಅಲ್ಪಸ್ವಲ್ಪ ಕುಗ್ಗುವುದನ್ನು ಕಂಡರು. ಆದರ್ಶ ಅನಿಲದ ನಿಯಮಕ್ಕೆ ಈ ಅಣುಗಳು ಪೂರ್ತಿ ವಿಧೇಯವಲ್ಲ. ಆದುದರಿಂದ ನಮ್ಮ ಉತ್ತರಗಳ ಮೂರನೆಯ ಅಂಕವನ್ನು ಹೆಚ್ಚು ನೆಚ್ಚಬಾರದು.

ಈಗ ತೊಟ್ಟಿಯ ನೀರನ್ನು 45 ಡಿಗ್ರಿಗೆ ಕಾಯಿಸೋಣ. ಒಡೆಯದೆ ಇರುವ ಸಾಧಾರಣ ಅನಿಲವಾಗಿದ್ದರೆ 0.614 ಬಾರ್ ಇದ್ದುದು 0.655ಕ್ಕೆ ಏರಿ ಸುಮ್ಮನಾಗುತ್ತಿತ್ತು. ಇಲ್ಲಿ ಮುಳ್ಳು 0.750ರವರೆಗೆ ಹೋಗುತ್ತದೆ, ಬುಡ್ಡಿಯ ಬಣ್ಣವೂ ಕಣ್ಣೆದುರೇ ಕಪ್ಪೇರುತ್ತದೆ. ಆ ಉಷ್ಣತೆಯಲ್ಲಿ P₀ 0.529 ಬಾರ್ ಆಗಿರುವುದರಿಂದ, ಮಾಪಕವು ತೋರಿದ ಒತ್ತಡವನ್ನು ಅದರಿಂದ ಭಾಗಿಸಿ ಒಂದನ್ನು ಕಳೆದರೆ ವಿಯೋಜನಾಂಶ 0.418 ಎಂದು ನೇರವಾಗಿ ಸಿಗುತ್ತದೆ. ಇಲ್ಲಿ ವರ್ಗಸಮೀಕರಣವೂ ಬೇಡ. ಅದರಿಂದ ಸ್ಥಿರಾಂಕ 0.63, ಅಂದರೆ ಇಪ್ಪತ್ತು ಡಿಗ್ರಿಗಳಲ್ಲಿ ನಾಲ್ಕು ಮಡಿಗೂ ಮಿಕ್ಕು. ಈ ಎರಡು ಸ್ಥಿರಾಂಕಗಳ ಅನುಪಾತದ ಲಾಗರಿದಮ್ಮನ್ನು ವಾಂಟ್ ಹಾಫನ ಸಮೀಕರಣದಲ್ಲಿ ಇಟ್ಟರೆ, ಒಂದು ಮೋಲ್ ಟೆಟ್ರಾಕ್ಸೈಡನ್ನು ಸೀಳಲು ಬೇಕಾದ ಉಷ್ಣ ಸುಮಾರು 57 ಕಿಲೋಜೂಲ್ ಎಂದು ತಿಳಿಯುತ್ತದೆ. ಎರಡು ನೈಟ್ರೋಜನ್ ಪರಮಾಣುಗಳ ನಡುವಣ ಬಂಧಕ್ಕೆ ಇದು ಬಹಳ ಅಲ್ಪವಾದ ಬೆಲೆ, ಹೈಡ್ರಜೀನಿನಲ್ಲಿ 1.45 ಆಂಗ್‌ಸ್ಟ್ರಾಮಿನಷ್ಟಿರುವ ಅದೇ ಬಂಧವು ಈ ಅಣುವಿನಲ್ಲಿ 1.75ನ್ನೂ ಮೀರಿ ನೀಳವಾಗಿದೆ.