ಶಾಪಾಶಯಕ್ಕೊಂದು ಹೊಸಗನ್ನಡ ಒಕ್ಕಣೆ

ನಮ್ಮ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯ ಭಾಗದ ಪರಿಚಯ ಇದ್ದೇ ಇರುತ್ತದೆ. ಭೂಮಿಯ ಎಲ್ಲೆ, ದಾನದ ಉದ್ದೇಶ, ಸಾಕ್ಷಿಗಳ ಹೆಸರು ಎಲ್ಲ ಮುಗಿದ ಮೇಲೆ ಕಲ್ಲಿನ ಸ್ವರ ಒಮ್ಮೆಲೇ ಏರುತ್ತದೆ. ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕಪಿಲೆಗಳನ್ನೂ ಬ್ರಾಹ್ಮಣರನ್ನೂ ಕೊಂದ ಪಾಪ ಬರುವುದು, ಅವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನು ಎಂಬಂಥ ಮಾತುಗಳು ಅಲ್ಲಿ ಬರುತ್ತವೆ. ವಿದ್ವಾಂಸರು ಇದನ್ನು ಶಾಪಾಶಯವೆನ್ನುತ್ತಾರೆ. ಇಂದಿನ ಓದುಗನಿಗೆ ಇದು ಬಯಲಾಟದ ರಾಕ್ಷಸನ ಅಬ್ಬರದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಕುಮಟಾ ತಾಲೂಕಿನ ಸಂತೆಗುಳಿಯ ಕೆಲವು ಗೆಳೆಯರು ಈಚೆಗೆ ನನ್ನ ಮುಂದೆ ಒಂದು ಬೇಡಿಕೆಯನ್ನಿಟ್ಟರು: ಇಂಥ ಶಾಪಾಶಯವೊಂದನ್ನು ಈಗಿನವರು ಮುಜುಗರಪಡದೆ ಓದುವಂತೆ ಹೊಸಗನ್ನಡದಲ್ಲಿ ಬರೆದುಕೊಡಬೇಕೆಂದು. ಅವರೇ ಒಂದು ಕರಡನ್ನೂ ತಂದಿದ್ದರು: ‘ದೇವಸ್ವವನ್ನು ಯಾರೂ ದುರುಪಯೋಗ ಮಾಡಬಾರದು.’ ಅಬ್ಬರವೇನೋ ಹೋಗಿದೆ. ಅದರೊಡನೆ ಅರ್ಥವೂ ಹೋಗಿದೆ. ಬಸ್ ನಿಲ್ದಾಣದ ಗೋಡೆಯ ಮೇಲೂ ಬರೆಯಬಹುದಾದ ಮಾತಿದು.

ಆವೇಶದ ಮಾತನ್ನು ಶಾಂತವಾಗಿ ಹೇಳಹೊರಟವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಆ ಆವೇಶ ಅಲ್ಲಿ ಯಾವ ಕೆಲಸಕ್ಕೆ ನಿಂತಿತ್ತು ಎಂಬುದು. ದಾನ ಕೊಟ್ಟ ಅರಸ ತನ್ನ ಕಾಲದ ಕಳ್ಳನಿಗೆ ಹೆದರಬೇಕಾಗಿರಲಿಲ್ಲ; ಅವನನ್ನು ದಂಡಿಸಲು ತಳವಾರನಿದ್ದ. ಅರಸ ಹೆದರಿದ್ದು ತನ್ನ ನಂತರ ಬರುವ ಅರಸನಿಗೆ. ಆ ಅರಸ ಮಗನಿರಬಹುದು, ಗೆದ್ದುಬಂದ ಹಗೆಯಿರಬಹುದು. ಅವನ ಮೇಲೆ ದೂರು ಕೊಡಲು ಯಾವ ಚಾವಡಿಯೂ ಇಲ್ಲ. ದಂಡ ಯಾರ ಕೈಯಲ್ಲಿದೆಯೋ ಅವನನ್ನೇ ತಡೆಯಬೇಕಾದಾಗ ಉಳಿಯುವುದು ಪಾಪಭೀತಿಯೊಂದೇ. ಆದ್ದರಿಂದಲೇ ಶಾಪಾಶಯದ ಶ್ಲೋಕಗಳು ತಾನು ಕೊಟ್ಟದ್ದನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಎಂದು ಬಿಡಿಸಿ ಹೇಳುತ್ತವೆ. ಇನ್ನೊಂದು ಶ್ಲೋಕ ಕೊಡುವುದಕ್ಕಿಂತ ಕಾಯುವುದೇ ಮೇಲೆಂದು ಹೇಳಿ, ಮುಂದೆ ಬರುವವನಿಗೆ ಕೊಟ್ಟವನಿಗಿಂತ ಎತ್ತರದ ಸ್ಥಾನವನ್ನೇ ಮೀಸಲಿಡುತ್ತದೆ. ಹುಳು, ಕಪಿಲೆ, ಅರವತ್ತು ಸಾವಿರ ವರ್ಷ ಇವೆಲ್ಲ ಮೇಲಿನ ಉಡುಪು. ಕೊಟ್ಟವನ ಕೈಯನ್ನೂ ಆಳುವವನ ಕೈಯನ್ನೂ ಕಟ್ಟುವುದು, ಕಾಯುವವನನ್ನು ಗೌರವಿಸುವುದು ಇವೆರಡೇ ಒಳಗಿನ ದೇಹ.

ಇಷ್ಟು ತಿಳಿದಮೇಲೆ ಎರಡನೆಯ ಕರಡು ಏಕೆ ಸೋತಿತೆಂಬುದೂ ಸ್ಪಷ್ಟವಾಗುತ್ತದೆ. ‘ಅತಿಕ್ರಮಿಸಿದವರ ಮೇಲೆ ಕಾನೂನಿನ ಕ್ರಮ ಜರುಗಿಸಲಾಗುವುದು’ ಎಂದು ಬರೆದು ನೋಡಿದೆವು. ಕ್ರಮ ಜರುಗಿಸುವವನು ಯಾರು? ಕಲ್ಲು ಯಾರನ್ನು ಎಚ್ಚರಿಸುತ್ತಿದೆಯೋ ಅವನೇ! ಇಲ್ಲಿ ಬೆದರಿಕೆ ಬಲಹೀನನ ಕಡೆಗೆ ತಿರುಗಿಬಿಟ್ಟಿತು. ನಮ್ಮ ಜಿಲ್ಲೆಯಲ್ಲಿ ಇದು ಬರಿಯ ಶಬ್ದದ ತಪ್ಪಲ್ಲ. 1974ರ ಭೂಸುಧಾರಣೆಯ ಕಾಯಿದೆಯಿಂದ ಗೇಣಿಯ ಗದ್ದೆ ಉಳುವವನದಾಯಿತು. ಕಲ್ಲಿನ ಮಾತನ್ನು ಯಾರಿಗೆ ಹೇಳಿದ್ದೆಂದು ನೋಡದೆ ಓದಿದರೆ, ಅರಸನಿಗೆ ಇಟ್ಟ ಶಾಪ ಇಂದು ಉತ್ತು ತಿನ್ನುವ ಒಕ್ಕಲಿನ ತಲೆಯ ಮೇಲೆ ಬೀಳುತ್ತದೆ. ಅದು ಶಾಸನಕ್ಕೂ ಅನ್ಯಾಯ, ಒಕ್ಕಲಿಗೂ ಅನ್ಯಾಯ.

ಕೊನೆಗೆ ನಿಂತ ರೂಪ ಇದು:

‘ಈ ಗದ್ದೆಯ ಹುಟ್ಟುವಳಿ ದೇವರ ದೀಪಕ್ಕೆ ಸಲ್ಲುತ್ತದೆ. ಕೊಟ್ಟವನಿಗಾಗಲಿ ಅವನ ಮಕ್ಕಳಿಗಾಗಲಿ ಇದನ್ನು ಹಿಂದಕ್ಕೆ ಪಡೆಯುವ ಹಕ್ಕಿಲ್ಲ. ಮುಂದೆ ಈ ಸೀಮೆಯನ್ನು ಆಳುವವರು ಯಾರೇ ಆಗಲಿ, ಇದನ್ನು ತಮ್ಮದೇ ದಾನವೆಂದು ಕಾಯಬೇಕು. ಕಾದವನು ಕೊಟ್ಟವನಿಗಿಂತ ದೊಡ್ಡವನು. ಕಿತ್ತುಕೊಂಡವನು ಅರಸನಾದರೂ ಕಳ್ಳನೇ.’

ಕೊನೆಯ ವಾಕ್ಯದ ಬಗ್ಗೆ ಗೆಳೆಯರಲ್ಲಿ ಚರ್ಚೆಯಾಯಿತು. ಅದು ಶಾಂತವಲ್ಲವೆಂದರು ಒಬ್ಬರು. ಶಾಂತವೆಂದರೆ ಸಪ್ಪೆಯಲ್ಲ ಎಂದು ನನ್ನ ವಾದ. ಅಲ್ಲಿ ನರಕವಿಲ್ಲ, ಲೆಕ್ಕವಿಲ್ಲ. ಆದರೆ ಮಾತು ಅರಸನ ಮುಖಕ್ಕೇ ಹೇಳಿದ್ದು. ಅದನ್ನು ತೆಗೆದರೆ ಮೊದಲ ಕರಡಿಗೇ ಮರಳಿದಂತೆ.

ಈ ಹೊಸ ಒಕ್ಕಣೆಗೆ ಮಿತಿಯೂ ಉಂಟು. ದೇವರ ಲೆಕ್ಕದಲ್ಲಿ ತಪ್ಪಿಸಿಕೊಳ್ಳಲಾಗದು ಎಂಬ ಭಯ ಇದರಲ್ಲಿ ಬಾರದು. ನಂಬುವವನಿಗೆ ಹಳೆಯ ಮಾತು ಕೊಡುತ್ತಿದ್ದ ನಡುಕವನ್ನು ಯಾವ ಹೊಸಗನ್ನಡವೂ ಕೊಡಲಾರದು. ಆದಕಾರಣ ಹೊಸ ರೂಪವನ್ನು ಮೂಲದ ಪಕ್ಕದಲ್ಲಿ ಅಚ್ಚು ಹಾಕಬೇಕೇ ಹೊರತು ಮೂಲದ ಜಾಗದಲ್ಲಲ್ಲ.

ಇಷ್ಟಾಗಿ, ಶಾಂತವಾದ ಮಾತು ನಮ್ಮ ಕಾಲದ ಕಂಡುಹಿಡಿತವೆಂದು ಬೀಗಬೇಕಾಗಿಲ್ಲ. ಬೇಲೂರು ತಾಲೂಕಿನ ಹಲ್ಮಿಡಿಯ ಕಲ್ಲು ಸುಮಾರು ಕ್ರಿ. ಶ. 450ರದು. ಅದರಲ್ಲಿಯೂ ದಾನವನ್ನು ಅಳಿಯುವವರಿಗೆ ಎಚ್ಚರಿಕೆಯಿದೆ. ಎರಡು ಬಾರಿ ಇದೆ; ಎರಡೂ ಬಾರಿ, ಅಂಥವರಿಗೆ ಮಹಾಪಾತಕ ಎಂದಷ್ಟೇ ಹೇಳಿ ಕಲ್ಲು ಸುಮ್ಮನಾಗುತ್ತದೆ. ಹುಳುವೂ ಇಲ್ಲ, ಕಪಿಲೆಯೂ ಇಲ್ಲ.